‘ಒಂದು ಬಾಟ್ಲಿ ಹಾಕಿ ಕಳಿಸಿದ್ರು’ ಅಂದ್ರೆ ಸಾಲದು: ಹಿಮೋಫಿಲಿಯಾ ಹುಡುಗನಿಗೆ ಫ್ಯಾಕ್ಟರ್ ಡೋಸ್ ಲೆಕ್ಕ ಹಾಕೋದು ಹೀಗೆ

ದಾವಣಗೆರೆ: ಹಿಮೋಫಿಲಿಯಾ ಇರುವ ಮಗನನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿ ಬಂದ ಮನೆಯವರನ್ನು ‘ಏನು ಕೊಟ್ರು?’ ಅಂತ ಕೇಳಿದರೆ, ಸಾಮಾನ್ಯವಾಗಿ ಬರುವ ಉತ್ತರ ‘ಒಂದು ಬಾಟ್ಲಿ ಫ್ಯಾಕ್ಟರ್ ಹಾಕಿದ್ರು’ ಅನ್ನೋದು. ಆದರೆ ಆ ಬಾಟ್ಲಿ 250 ಯೂನಿಟ್‌ನದೋ, 500ರದೋ, 1000ದ್ದೋ? ಹುಡುಗನ ತೂಕ ಎಷ್ಟಿತ್ತು? ರಕ್ತ ಸೋರಿದ್ದು ಮೊಣಕಾಲಲ್ಲೋ, ತಲೆಯಲ್ಲೋ? ಈ ಮೂರು ಗೊತ್ತಿಲ್ಲದಿದ್ದರೆ ಒಂದು ಬಾಟ್ಲಿ ಸಾಕಾಯ್ತಾ, ಕಡಿಮೆ ಆಯ್ತಾ ಅಂತ ಯಾರೂ ಹೇಳೋಕೆ ಆಗಲ್ಲ.

ಫ್ಯಾಕ್ಟರ್ ಕೊಡುವುದು ಅಂದಾಜಿನ ಮೇಲೆ ಅಲ್ಲ. ಅದಕ್ಕೆ ಒಂದು ಸಣ್ಣ ಗುಣಾಕಾರ ಇದೆ. ಅಂಗಡಿಯಲ್ಲಿ ತೂಕಕ್ಕೆ ರೇಟ್ ಕಟ್ಟುವಷ್ಟೇ ಸುಲಭದ ಲೆಕ್ಕ. ಡೋಸ್ ತೀರ್ಮಾನಿಸೋದು ಡಾಕ್ಟ್ರ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಹನ್ನೊಂದು ಗಂಟೆಗೆ, ಈ ಕಾಯಿಲೆಯ ಮಕ್ಕಳನ್ನು ಅಷ್ಟಾಗಿ ನೋಡಿರದ ಡ್ಯೂಟಿ ಡಾಕ್ಟರ್ ಮುಂದೆ ನಿಂತಾಗ, ಮನೆಯವರಿಗೆ ಈ ಲೆಕ್ಕ ಗೊತ್ತಿದ್ದರೆ ಮಗುವಿನ ಕೀಲು ಉಳಿಯಬಹುದು. ಕೆಲವೊಮ್ಮೆ ಜೀವವೇ ಉಳಿಯಬಹುದು.

ಮೊದಲು, ಫ್ಯಾಕ್ಟರ್ ಅಂದ್ರೇನು?

ಕನ್ನಡದಲ್ಲಿ ಕುಸುಮ ರೋಗ ಅಂತಲೂ ಕರೆಯುವ ಹಿಮೋಫಿಲಿಯಾ ಹುಟ್ಟಿನಿಂದ ಬರುವ ಕಾಯಿಲೆ. ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಬೇಕಾದರೆ ರಕ್ತದಲ್ಲಿರುವ ಹಲವು ಪ್ರೋಟೀನುಗಳು ಒಂದರ ಹಿಂದೆ ಒಂದು ಕೆಲಸ ಮಾಡಬೇಕು. ಆ ಸಾಲಿನಲ್ಲಿ ಎಂಟನೇ ಫ್ಯಾಕ್ಟರ್ ಇಲ್ಲದಿದ್ದರೆ ಅದು ಹಿಮೋಫಿಲಿಯಾ ಎ. ಒಂಬತ್ತನೇ ಫ್ಯಾಕ್ಟರ್ ಇಲ್ಲದಿದ್ದರೆ ಹಿಮೋಫಿಲಿಯಾ ಬಿ.

ಸಾಮಾನ್ಯ ಮನುಷ್ಯನ ರಕ್ತದಲ್ಲಿರುವ ಫ್ಯಾಕ್ಟರನ್ನು ಸುಮಾರು 100 ಪರ್ಸೆಂಟ್ ಅಂತ ಇಟ್ಟುಕೊಂಡರೆ, ತೀವ್ರ ಹಿಮೋಫಿಲಿಯಾ ಇರುವವರಲ್ಲಿ ಅದು 1 ಪರ್ಸೆಂಟಿಗಿಂತ ಕಡಿಮೆ. 1ರಿಂದ 5 ಇದ್ದರೆ ಮಧ್ಯಮ, ಅದಕ್ಕಿಂತ ಹೆಚ್ಚು 40ರೊಳಗೆ ಇದ್ದರೆ ಸೌಮ್ಯ. ತೀವ್ರ ಇರುವ ಹುಡುಗರಿಗೆ ಬಿದ್ದು ಪೆಟ್ಟಾಗಲೇಬೇಕು ಅಂತಿಲ್ಲ. ಓಡಾಡಿದ್ದಕ್ಕೇ ಮೊಣಕಾಲು, ಮೊಣಕೈ, ಪಾದದ ಕೀಲಿನೊಳಗೆ ರಕ್ತ ಸೋರುತ್ತದೆ. ಹೊರಗೆ ಒಂದು ಹನಿ ರಕ್ತವೂ ಕಾಣಲ್ಲ. ಕೀಲು ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಮಡಚೋಕೆ ಆಗಲ್ಲ.

ಚಿಕಿತ್ಸೆ ಅಂದರೆ ಇಲ್ಲದ ಫ್ಯಾಕ್ಟರನ್ನು ಹೊರಗಿನಿಂದ ನರದ ಮೂಲಕ ಕೊಡುವುದು. ಪುಡಿಯ ರೂಪದಲ್ಲಿ ಬರುವ ಔಷಧವನ್ನು ಜೊತೆಗೆ ಬರುವ ನೀರಿನಲ್ಲಿ ಕರಗಿಸಿ ಇಂಜೆಕ್ಷನ್ ಕೊಡುತ್ತಾರೆ. ಅದರ ಅಳತೆ ಮಿಲಿಗ್ರಾಂನಲ್ಲಿ ಇರಲ್ಲ, ಯೂನಿಟ್‌ನಲ್ಲಿ ಇರುತ್ತದೆ. ಬಾಟ್ಲಿ ಮೇಲೆ ದೊಡ್ಡದಾಗಿ 250, 500, 1000 ಅಂತ ಬರೆದಿರೋದು ಅದೇ.

ಲೆಕ್ಕದ ಮೂಲ ಸೂತ್ರ

ಎಂಟನೇ ಫ್ಯಾಕ್ಟರ್‌ನ ನಿಯಮ ಇಷ್ಟೇ: ಒಂದು ಕೆಜಿ ತೂಕಕ್ಕೆ ಒಂದು ಯೂನಿಟ್ ಕೊಟ್ಟರೆ ರಕ್ತದಲ್ಲಿ ಫ್ಯಾಕ್ಟರ್ ಮಟ್ಟ ಸುಮಾರು 2 ಪರ್ಸೆಂಟ್ ಏರುತ್ತದೆ. ಅಂದರೆ 1 ಪರ್ಸೆಂಟ್ ಏರಿಸೋಕೆ ಕೆಜಿಗೆ ಅರ್ಧ ಯೂನಿಟ್ ಸಾಕು. ಹಾಗಾಗಿ ಸೂತ್ರ ಹೀಗಾಗುತ್ತದೆ:

ತೂಕ (ಕೆಜಿ) × ಏರಿಸಬೇಕಾದ ಪರ್ಸೆಂಟ್ × 0.5 = ಬೇಕಾದ ಯೂನಿಟ್

‘ಏರಿಸಬೇಕಾದ ಪರ್ಸೆಂಟ್’ ಅನ್ನೋದನ್ನು ಗಮನಿಸಿ. ಮುಟ್ಟಬೇಕಾದ ಮಟ್ಟದಲ್ಲಿ ಈಗಾಗಲೇ ರಕ್ತದಲ್ಲಿ ಇರೋದನ್ನು ಕಳೆದು ಉಳಿದದ್ದು ಅದು. ತೀವ್ರ ಹಿಮೋಫಿಲಿಯಾ ಇದ್ದರೆ ಇರೋದು ಸೊನ್ನೆ ಅಂತಲೇ ಹಿಡಿಯುತ್ತಾರೆ. ಸೌಮ್ಯ ರೂಪದಲ್ಲಿ 10 ಪರ್ಸೆಂಟ್ ಇರುವ ಹುಡುಗನನ್ನು 40ಕ್ಕೆ ಏರಿಸಬೇಕಾದರೆ ಲೆಕ್ಕಕ್ಕೆ ಹಿಡಿಯೋದು 30 ಮಾತ್ರ.

ಒಂದು ಮನೆಯ ಉದಾಹರಣೆ

ಲೆಕ್ಕ ಅರ್ಥ ಆಗೋಕೆ ಒಂದು ಮನೆ ಅಂದುಕೊಳ್ಳೋಣ. ಜಗಳೂರು ಕಡೆಯ ಹಳ್ಳಿ. ಅಪ್ಪನದು ಕಿರಾಣಿ ಅಂಗಡಿ. ಮಗನಿಗೆ ಒಂಬತ್ತು ವರ್ಷ, ತೀವ್ರ ಹಿಮೋಫಿಲಿಯಾ ಎ. ಶಾಲೆಯಿಂದ ಸಂಜೆ ಬಂದವನು ಅಂಗಡಿ ಮೆಟ್ಟಿಲ ಮೇಲೆ ಕೂತು ‘ಅಪ್ಪಾ, ಮೊಣಕಾಲು ಜುಂ ಅಂತೈತೆ’ ಅನ್ನುತ್ತಾನೆ. ಇನ್ನೂ ಊತ ಇಲ್ಲ. ಈ ಕಾಯಿಲೆಯ ಮಕ್ಕಳಿಗೆ ಕೀಲಲ್ಲಿ ರಕ್ತ ಸೋರೋಕೆ ಶುರುವಾದ ಕೂಡಲೇ ಒಳಗೇ ಗೊತ್ತಾಗುತ್ತದೆ. ಬಿಗಿ ಬಿಗಿ ಅನ್ನಿಸುತ್ತದೆ, ಜುಮ್ಮೆನ್ನುತ್ತದೆ. ಊದಿಕೊಳ್ಳೋದು ಆಮೇಲೆ. ಆ ಮಾತನ್ನು ನಂಬಿ ಹೊರಡಬೇಕು. ಸಾಧ್ಯವಾದರೆ ಎರಡು ಗಂಟೆಯೊಳಗೆ ಫ್ಯಾಕ್ಟರ್ ಬೀಳಬೇಕು ಅನ್ನೋದು ತಜ್ಞರು ಹೇಳುವ ಲೆಕ್ಕ.

ಆಸ್ಪತ್ರೆಯಲ್ಲಿ ಸಿಸ್ಟರ್ ಕೇಳುತ್ತಾರೆ, ‘ಹುಡುಗನ ತೂಕ ಎಷ್ಟೈತೆ?’

ಅಪ್ಪ ಜೇಬಿನಿಂದ ಹಳೇ ಚೀಟಿ ತೆಗೆಯುತ್ತಾನೆ. ಎರಡು ವರ್ಷದ ಹಿಂದೆ ಬರೆದದ್ದು. ಅದರಲ್ಲಿ 18 ಕೆಜಿ ಅಂತಿದೆ. ಎಲ್ಲಾ ಎಡವಟ್ಟು ಶುರುವಾಗೋದು ಇಲ್ಲೇ. ಬೆಳೆಯುವ ಮಗುವಿಗೆ ಎರಡು ವರ್ಷದ ಹಿಂದಿನ ತೂಕ ಅಂದರೆ ಹೋದ ವರ್ಷದ ರೇಟಿಗೆ ಈ ವರ್ಷ ಸಾಮಾನು ಮಾರಿದ ಹಾಗೆ. ಸಿಸ್ಟರ್ ತೂಕದ ಮಿಷನ್ ಮೇಲೆ ನಿಲ್ಲಿಸಿದರೆ ಹುಡುಗ 24 ಕೆಜಿ ಇದ್ದಾನೆ.

ಕೀಲಿನ ರಕ್ತಸ್ರಾವಕ್ಕೆ ವಿಶ್ವ ಹಿಮೋಫಿಲಿಯಾ ಒಕ್ಕೂಟದ ಮಾರ್ಗಸೂಚಿ ಹೇಳೋದು ಫ್ಯಾಕ್ಟರ್ ಮಟ್ಟವನ್ನು 40ರಿಂದ 60 ಪರ್ಸೆಂಟಿಗೆ ಏರಿಸಿ ಅಂತ. ಡಾಕ್ಟರ್ 40 ಅಂತ ಇಟ್ಟುಕೊಂಡರು ಅಂದುಕೊಳ್ಳಿ.

24 × 40 × 0.5 = 480 ಯೂನಿಟ್

480ರ ಬಾಟ್ಲಿ ಅಂತ ಎಲ್ಲೂ ಇಲ್ಲ. ಹತ್ತಿರದ್ದು 500. ಹಾಗಾಗಿ 500ರ ಬಾಟ್ಲಿ ಒಡೆದು ಪೂರ್ತಿ ಕೊಡುತ್ತಾರೆ. 20 ಯೂನಿಟ್ ಹೆಚ್ಚಾಯ್ತು ಅಂತ ಉಳಿಸಿ ಚೆಲ್ಲೋದರಲ್ಲಿ ಅರ್ಥ ಇಲ್ಲ. ಬೆರೆಸಿದ ಔಷಧವನ್ನು ನಾಳೆಗೆ ಅಂತ ಇಡೋ ಹಾಗೂ ಇಲ್ಲ. ಸಾಮಾನ್ಯವಾಗಿ ಲೆಕ್ಕಕ್ಕೆ ಬಂದದ್ದನ್ನು ಮೇಲಿನ ಬಾಟ್ಲಿಗೆ ಸರಿಹೊಂದಿಸುತ್ತಾರೆ, ಕೆಳಕ್ಕೆ ಇಳಿಸಲ್ಲ.

ಇನ್ನು ಹಳೇ ಚೀಟಿಯ 18 ಕೆಜಿಗೇ ಲೆಕ್ಕ ಹಾಕಿದ್ದರೆ? 18 × 40 × 0.5 = 360 ಯೂನಿಟ್. ಈ ಹುಡುಗನಿಗೆ 360 ಕೊಟ್ಟರೆ ಮಟ್ಟ ಏರೋದು 30 ಪರ್ಸೆಂಟಿಗೆ ಮಾತ್ರ. ಬೇಕಾದದ್ದರಲ್ಲಿ ಕಾಲು ಭಾಗ ಖೋತಾ. ಯಾರೂ ತಪ್ಪು ಔಷಧ ಕೊಟ್ಟಿಲ್ಲ, ಗುಣಾಕಾರವೂ ತಪ್ಪಿಲ್ಲ. ತೂಕ ಮಾತ್ರ ಹಳೇದು.

250ರ ಬಾಟ್ಲಿ ಒಂದೇ ಇದ್ದರೆ?

ಇದೇ ಲೆಕ್ಕವನ್ನು ಉಲ್ಟಾ ಹಾಕಬಹುದು. ಕೊಟ್ಟ ಯೂನಿಟ್ಟನ್ನು ತೂಕದಿಂದ ಭಾಗಿಸಿ ಎರಡರಿಂದ ಗುಣಿಸಿದರೆ ಮಟ್ಟ ಎಷ್ಟು ಏರಿತು ಅನ್ನೋದು ಬರುತ್ತದೆ. ಸ್ಟಾಕ್‌ನಲ್ಲಿ 250ರ ಒಂದೇ ಬಾಟ್ಲಿ ಇದೆ, ಅದನ್ನೇ ಹಾಕಿದರು ಅಂದುಕೊಳ್ಳಿ.

250 ÷ 24 × 2 = ಸುಮಾರು 21 ಪರ್ಸೆಂಟ್

ಇದು ವ್ಯರ್ಥ ಅಂತಲ್ಲ. ಔಷಧ ಸಾಕಷ್ಟು ಸಿಗದ ಕಡೆ ಕೀಲಿನ ರಕ್ತಸ್ರಾವಕ್ಕೆ 10ರಿಂದ 20 ಪರ್ಸೆಂಟ್ ಗುರಿ ಇಟ್ಟುಕೊಳ್ಳೋದೂ ಇದೆ. ಅದೇ ಮಾರ್ಗಸೂಚಿಯಲ್ಲಿ ಅದನ್ನೂ ಬರೆದಿದ್ದಾರೆ. ಆದರೆ ಮನೆಯವರಿಗೆ ಒಂದು ಮಾತು ಗೊತ್ತಿರಬೇಕು: ಸಿಕ್ಕಿದ್ದು ಪೂರ್ತಿ ಡೋಸ್ ಅಲ್ಲ, ಅರ್ಧ. ಕಾಲಿಗೆ ವಿಶ್ರಾಂತಿ ಇನ್ನಷ್ಟು ಬೇಕು. ಉಳಿದದ್ದು ಎಲ್ಲಿ ಸಿಗುತ್ತದೆ ಅಂತ ಆಗಲೇ ವಿಚಾರಿಸಬೇಕು. ‘ಫ್ಯಾಕ್ಟರ್ ಹಾಕಿಸಿದ್ವಿ, ಇನ್ನೇನೂ ಆಗಲ್ಲ’ ಅಂತ ಮರುದಿನ ಶಾಲೆಗೆ ಕಳಿಸಿದರೆ ಅದೇ ಮೊಣಕಾಲಲ್ಲಿ ಮತ್ತೆ ರಕ್ತ ಸೋರುತ್ತದೆ. ಒಂದೇ ಕೀಲಲ್ಲಿ ಹೀಗೆ ಪದೇ ಪದೇ ಆದರೆ ಒಳಗಿನ ಪದರ ದಪ್ಪಗಾಗಿ, ಮೆತ್ತನೆಯ ಎಲುಬು ಸವೆದು, ಕಾಲು ಶಾಶ್ವತವಾಗಿ ಮಡಚಿಕೊಂಡೇ ಉಳಿಯುತ್ತದೆ.

ಹನ್ನೆರಡು ಗಂಟೆ ಕಳೆದ ಮೇಲೆ ಎಷ್ಟು ಉಳಿದಿರುತ್ತದೆ?

ಫ್ಯಾಕ್ಟರ್ ಒಮ್ಮೆ ಕೊಟ್ಟರೆ ರಕ್ತದಲ್ಲಿ ಹಾಗೇ ಕೂತಿರಲ್ಲ. ಮಾಮೂಲಿ ಎಂಟನೇ ಫ್ಯಾಕ್ಟರ್ 8ರಿಂದ 12 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಇನ್ನೂ ಬೇಗ ಇಳಿಯೋದುಂಟು. ಲೆಕ್ಕ ಸುಲಭವಾಗಲಿ ಅಂತ 12 ಗಂಟೆ ಅಂತಲೇ ಹಿಡಿಯೋಣ.

ನಮ್ಮ ಉದಾಹರಣೆಯ ಹುಡುಗನಿಗೆ ರಾತ್ರಿ 8ಕ್ಕೆ 500 ಯೂನಿಟ್ ಬಿತ್ತು. ಆಗ ಮಟ್ಟ ಸುಮಾರು 40. ಬೆಳಿಗ್ಗೆ 8ಕ್ಕೆ 20. ಸಂಜೆ 8ಕ್ಕೆ 10. ಮರುದಿನ ಬೆಳಿಗ್ಗೆ 5. ಆದ್ದರಿಂದಲೇ ಡಾಕ್ಟರ್ ‘ನಾಳೆ ಬಂದು ತೋರಿಸಿ’ ಅನ್ನೋದು. ಬೇಗ ಕೊಟ್ಟ ಮೊದಲ ಡೋಸಿಗೇ ನೋವು ಇಳಿದು ಕೀಲು ಸಲೀಸಾಗಿ ಮಡಚಿದರೆ ಅಷ್ಟೇ ಸಾಕಾಗಬಹುದು. ನೋವು, ಊತ, ಬಿಗಿತ ಹಾಗೇ ಇದ್ದರೆ 12ರಿಂದ 24 ಗಂಟೆಯೊಳಗೆ ಇನ್ನೊಂದು ಡೋಸ್ ಬೇಕಾಗುತ್ತದೆ. ಕೀಲಿನ ವಿಷಯದಲ್ಲಿ ಸಾಮಾನ್ಯವಾಗಿ ಒಂದೆರಡು ದಿನ ಚಿಕಿತ್ಸೆ ನಡೆಯುತ್ತದೆ, ಕಡಿಮೆಯಾಗದಿದ್ದರೆ ಇನ್ನೂ ಮುಂದಕ್ಕೆ ಹೋಗುತ್ತದೆ.

ಹಾಗಾಗಿ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟರು ಅನ್ನೋದನ್ನೂ ಬರೆದಿಟ್ಟುಕೊಳ್ಳಬೇಕು. ‘ನಿನ್ನೆ ರಾತ್ರಿ ಹಾಕಿಸಿದ್ವಿ’ ಅಂದರೆ ಡಾಕ್ಟ್ರಿಗೆ ಅಂದಾಜು ಸಿಗುತ್ತದೆ. ‘ರಾತ್ರಿ 8ಕ್ಕೆ 500’ ಅಂದರೆ ಲೆಕ್ಕ ಸಿಗುತ್ತದೆ.

ಜಾಗ ಬದಲಾದರೆ ಡೋಸೂ ಬದಲು

ತೂಕ ಒಂದೇ ಇದ್ದರೂ ರಕ್ತ ಎಲ್ಲಿ ಸೋರುತ್ತಿದೆ ಅನ್ನೋದರ ಮೇಲೆ ಗುರಿ ಬೇರೆಯಾಗುತ್ತದೆ. ‘ಹೋದ ಸಲ 500 ಹಾಕಿದ್ರಲ್ಲ, ಈ ಸಲವೂ ಅಷ್ಟೇ ಹಾಕಿ’ ಅನ್ನೋದು ಎಡವಟ್ಟಾಗೋದು ಅದಕ್ಕೇ.

ಎರಡು ಜಾಗಗಳ ಬಗ್ಗೆ ಮನೆಯವರು ಹುಷಾರಾಗಿರಬೇಕು. ಒಂದು, ಸೊಂಟದ ಒಳಭಾಗದಿಂದ ತೊಡೆಗೆ ಇಳಿಯುವ ದೊಡ್ಡ ಮಾಂಸಖಂಡ. ಇಲ್ಲಿ ರಕ್ತ ತುಂಬಿಕೊಂಡರೆ ಹುಡುಗ ತೊಡೆಸಂದಿಯಲ್ಲೋ ಕಿಬ್ಬೊಟ್ಟೆಯಲ್ಲೋ ನೋವು ಅನ್ನುತ್ತಾನೆ. ಕಾಲು ನೀಡೋಕೆ ಆಗಲ್ಲ, ಮಡಚಿಕೊಂಡೇ ಮಲಗುತ್ತಾನೆ, ಬಗ್ಗಿ ನಡೆಯುತ್ತಾನೆ. ಬಲಗಡೆ ಆದರೆ ಅಪೆಂಡಿಕ್ಸ್ ನೋವು ಅಂತ ತಪ್ಪು ತಿಳಿಯೋದೂ ಇದೆ. ಒಳಗೆ ಜಾಗ ದೊಡ್ಡದು, ಬಹಳಷ್ಟು ರಕ್ತ ಹೊರಗೆ ಕಾಣದಂತೆ ಸೋರಿಹೋಗಬಹುದು. ಪಕ್ಕದ ನರ ಒತ್ತಿದರೆ ತೊಡೆ ಜೋಮು ಹಿಡಿಯುತ್ತದೆ. ಇದಕ್ಕೆ ಮಾರ್ಗಸೂಚಿಯ ಗುರಿ 80ರಿಂದ 100 ಪರ್ಸೆಂಟ್.

24 × 80 × 0.5 = 960 ಯೂನಿಟ್

ಅಂದರೆ 1000ದ ಬಾಟ್ಲಿ. ಅದೇ ಹುಡುಗ, ಅದೇ ತೂಕ, ಮೊಣಕಾಲಿಗಿಂತ ಎರಡರಷ್ಟು. ಔಷಧ ಸಾಲದ ಕಡೆ 20ರಿಂದ 40 ಪರ್ಸೆಂಟಿಗೆ ಇಳಿಸಿಕೊಳ್ಳುತ್ತಾರೆ, ಆದರೂ ಒಂದೇ ಡೋಸಿಗೆ ಮುಗಿಯಲ್ಲ, ದಿನಗಟ್ಟಲೆ ಮುಂದುವರಿಸಬೇಕಾಗುತ್ತದೆ.

ಎರಡನೆಯದು ತಲೆ. ಸೈಕಲ್‌ನಿಂದ ಬಿದ್ದ, ಕಟ್ಟೆಗೆ ತಲೆ ಹೊಡೆದುಕೊಂಡ ಅಂದರೆ ಗಾಯ ಇದೆಯೋ ಇಲ್ಲವೋ ನೋಡುತ್ತಾ ಕೂರೋ ಹಾಗಿಲ್ಲ. ಬಲವಾದ ಪೆಟ್ಟು ಬಿದ್ದಿದ್ದರೆ, ಅಥವಾ ಪೆಟ್ಟು ಬೀಳದಿದ್ದರೂ ತಡೆಯಲಾಗದ ತಲೆನೋವು, ವಾಂತಿ, ಮಂಪರು ಕಂಡರೆ, ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ಈ ಕ್ರಮ ಮುಖ್ಯ. ‘ಸ್ಕ್ಯಾನ್ ರಿಪೋರ್ಟ್ ಬರಲಿ, ನೋಡಿ ಹಾಕೋಣ’ ಅಂತ ಕಾಯುವ ಒಂದೆರಡು ಗಂಟೆಯಲ್ಲೇ ಮೆದುಳಿನ ಒಳಗೆ ರಕ್ತ ಹೆಚ್ಚಾಗಬಹುದು. ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಕಳಿಸುವುದಾದರೂ, ಕೈಯಲ್ಲಿ ಫ್ಯಾಕ್ಟರ್ ಇದ್ದರೆ ಹಾಕಿಸಿಕೊಂಡೇ ಆಂಬ್ಯುಲೆನ್ಸ್ ಹತ್ತಬೇಕು. ಇಲ್ಲಿ ಗುರಿ 80ರಿಂದ 100. 100 ಅಂತ ಹಿಡಿದರೆ:

24 × 100 × 0.5 = 1200 ಯೂನಿಟ್

ಒಂದು 1000ದ ಬಾಟ್ಲಿ, ಒಂದು 250ರದ್ದು ಸೇರಿದರೆ 1250. ಅಲ್ಲಿಗೆ ಮುಗಿಯಿತಾ? ಇಲ್ಲ. 12 ಗಂಟೆಗೆ 100 ಇದ್ದದ್ದು 50ಕ್ಕೆ ಇಳಿದಿರುತ್ತದೆ. ಮತ್ತೆ 100ಕ್ಕೆ ಒಯ್ಯಬೇಕಾದರೆ ಏರಿಸಬೇಕಾದದ್ದು 50. ಆಗ 24 × 50 × 0.5 = 600 ಯೂನಿಟ್. ಮೊದಲ ಡೋಸಿನ ಅರ್ಧ. ತಲೆಯೊಳಗಿನ ರಕ್ತಸ್ರಾವದಲ್ಲಿ ಮೊದಲ ವಾರದವರೆಗೂ ಮಟ್ಟವನ್ನು ಮೇಲೇ ಇಟ್ಟುಕೊಂಡು, ಆಮೇಲೆ ಮೂರನೇ ವಾರದವರೆಗೆ 50ರ ಆಸುಪಾಸಿನಲ್ಲಿ ಇಡುವುದು ಮಾರ್ಗಸೂಚಿಯ ಕ್ರಮ. ಇಂತಹ ಸಮಯದಲ್ಲಿ ಬರೀ ಗುಣಾಕಾರ ಸಾಲದು, ರಕ್ತ ತೆಗೆದು ಫ್ಯಾಕ್ಟರ್ ಮಟ್ಟ ಅಳೆದು ನೋಡುತ್ತಾರೆ. ಹಾಗಾಗಿ ಅದು ದೊಡ್ಡ ಆಸ್ಪತ್ರೆಯ ಕೆಲಸ.

ಎ ಗೂ ಬಿ ಗೂ ಲೆಕ್ಕ ಬೇರೆ

ಮೇಲೆ ಹೇಳಿದ ಅರ್ಧದ ಲೆಕ್ಕ ಎಂಟನೇ ಫ್ಯಾಕ್ಟರಿಗೆ ಮಾತ್ರ. ಒಂಬತ್ತನೇ ಫ್ಯಾಕ್ಟರ್ ರಕ್ತದಲ್ಲೇ ಪೂರ್ತಿ ಉಳಿಯದೆ ರಕ್ತನಾಳದ ಹೊರಗೂ ಹರಡಿಕೊಳ್ಳುತ್ತದೆ. ಕೆಜಿಗೆ ಒಂದು ಯೂನಿಟ್ ಕೊಟ್ಟರೆ ಏರೋದು ಸುಮಾರು 1 ಪರ್ಸೆಂಟ್ ಅಷ್ಟೇ. ಆದ್ದರಿಂದ 0.5ರಿಂದ ಗುಣಿಸುವ ಹಾಗಿಲ್ಲ.

ನಮ್ಮ ಹುಡುಗನಿಗೆ ಎ ಬದಲು ಬಿ ಇದ್ದಿದ್ದರೆ, ಅದೇ ಮೊಣಕಾಲಿಗೆ 24 × 40 = 960 ಯೂನಿಟ್ ಬೇಕಾಗುತ್ತಿತ್ತು. ಇದು ದಾನಿಗಳ ರಕ್ತದಿಂದ ತಯಾರಾದ ಔಷಧದ ಲೆಕ್ಕ. ಲ್ಯಾಬಿನಲ್ಲಿ ಜೀನ್ ತಂತ್ರದಿಂದ ತಯಾರಿಸಿದ್ದಾದರೆ ಮಕ್ಕಳಲ್ಲಿ ಇನ್ನೂ ಕಡಿಮೆ ಏರುತ್ತದೆ, ಡೋಸ್ ಇನ್ನೂ ಜಾಸ್ತಿ ಬೇಕು. ಅನುಕೂಲ ಏನಂದ್ರೆ ಒಂಬತ್ತನೇ ಫ್ಯಾಕ್ಟರ್ ನಿಧಾನಕ್ಕೆ ಇಳಿಯುತ್ತದೆ. ಅರ್ಧ ಆಗೋಕೆ 18ರಿಂದ 24 ಗಂಟೆ ಹಿಡಿಯುತ್ತದೆ.

ಎ ಇರುವವನಿಗೆ ಒಂಬತ್ತನೇ ಫ್ಯಾಕ್ಟರ್ ಎಷ್ಟು ಬಾಟ್ಲಿ ಹಾಕಿದರೂ ರಕ್ತ ನಿಲ್ಲಲ್ಲ, ಬಿ ಇರುವವನಿಗೆ ಎಂಟು ಹಾಕಿದರೂ ಅಷ್ಟೇ. ಬಾಟ್ಲಿ ಒಡೆಯುವ ಮುಂಚೆ ಅದರ ಮೇಲಿನ ನಂಬರ್ ಒಂದು ಸಲ ಓದಿ ನೋಡೋಕೆ ಯಾವ ಡಿಗ್ರಿಯೂ ಬೇಡ.

ಲೆಕ್ಕ ಸರಿ ಇದ್ದೂ ರಕ್ತ ನಿಲ್ಲದಿದ್ದರೆ?

ತೂಕ ಸರಿ, ಗುರಿ ಸರಿ, ಔಷಧವೂ ಸರಿ. ಆದರೂ ಮರುದಿನ ಮೊಣಕಾಲು ಇನ್ನಷ್ಟು ಊದಿದೆ. ಹೀಗಾದರೆ ಮೊದಲು ಸಣ್ಣ ಕಾರಣಗಳನ್ನು ನೋಡಬೇಕು. ಔಷಧ ಫ್ರಿಜ್‌ನಲ್ಲಿ ಇತ್ತಾ, ಡೇಟ್ ಮುಗಿದಿತ್ತಾ? ಕರಗಿಸುವಾಗ ಜೋರಾಗಿ ಕುಲುಕಿದರಾ? ಬಾಟ್ಲಿಯನ್ನು ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ ಕರಗಿಸಬೇಕು, ಟಾನಿಕ್ ಬಾಟ್ಲಿ ಥರ ಕುಲುಕಬಾರದು. ಸೂಜಿ ನರದಿಂದ ಜಾರಿ ಔಷಧ ಚರ್ಮದಡಿ ಹೋಯ್ತಾ? ಕೊಡುವ ವೇಗಕ್ಕೂ ಮಿತಿ ಇದೆ. ಚಿಕ್ಕ ಮಕ್ಕಳಿಗೆ ನಿಮಿಷಕ್ಕೆ 100 ಯೂನಿಟ್ ಮೀರಬಾರದು, ಅಂದರೆ 500ಕ್ಕೆ ಕನಿಷ್ಠ ಐದು ನಿಮಿಷ.

ಇದೆಲ್ಲ ಸರಿಯಿದ್ದರೆ ಅನುಮಾನ ಬರಬೇಕಾದದ್ದು ಇನ್‌ಹಿಬಿಟರ್ ಮೇಲೆ. ಹೊರಗಿನಿಂದ ಬಂದ ಫ್ಯಾಕ್ಟರನ್ನು ಮೈ ತನ್ನದಲ್ಲ ಅಂತ ತಿಳಿದು, ಅದನ್ನು ಹಾಳುಮಾಡುವ ಪ್ರತಿಕಾಯ ತಯಾರಿಸಿಕೊಳ್ಳೋದಕ್ಕೆ ಹೀಗನ್ನುತ್ತಾರೆ. ತೀವ್ರ ಹಿಮೋಫಿಲಿಯಾ ಎ ಇರುವ ಹತ್ತು ಜನರಲ್ಲಿ ಸುಮಾರು ಎರಡು ಮೂರು ಜನರಿಗೆ ಇದು ಆಗುತ್ತದೆ. ಬಿ ಇರುವವರಲ್ಲಿ ಕಡಿಮೆ.

ಇದನ್ನು ಪತ್ತೆ ಹಚ್ಚೋದಕ್ಕೂ ಅದೇ ಗುಣಾಕಾರ ಸಹಾಯಕ್ಕೆ ಬರುತ್ತದೆ. 24 ಕೆಜಿ ಹುಡುಗನಿಗೆ 500 ಕೊಟ್ಟ ಮೇಲೆ ಅರ್ಧ ಗಂಟೆಯೊಳಗೆ ರಕ್ತ ತೆಗೆದು ನೋಡಿದರೆ ಮಟ್ಟ 40ರ ಆಸುಪಾಸು ಇರಬೇಕು. ರಿಪೋರ್ಟ್‌ನಲ್ಲಿ 8 ಅಂತ ಬಂದರೆ ಔಷಧ ಒಳಗೇ ಹಾಳಾಗುತ್ತಿದೆ ಅಂತ ಅನುಮಾನ. ಆಗ ಬೆಥೆಸ್ಡಾ ಅನ್ನೋ ಇನ್ನೊಂದು ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಇನ್‌ಹಿಬಿಟರ್ ಹೆಚ್ಚಿದ್ದರೆ ಈ ಲೇಖನದ ಸೂತ್ರವೇ ನಡೆಯಲ್ಲ. ಎಂಟನೇ ಫ್ಯಾಕ್ಟರನ್ನು ದಾಟಿ ಬೇರೆ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಔಷಧಗಳು ಬೇಕು, ಅವುಗಳ ಲೆಕ್ಕವೇ ಬೇರೆ. ಆದ್ದರಿಂದ ‘ಹೋದ ಸಲ ಎರಡು ಡೋಸಿಗೆ ಇಳಿದಿತ್ತು, ಈ ಸಲ ನಾಲ್ಕಾದರೂ ಇಳಿದಿಲ್ಲ’ ಅನ್ನೋ ಮಾತನ್ನು ಮನೆಯವರು ಡಾಕ್ಟ್ರಿಗೆ ತಪ್ಪದೇ ಹೇಳಬೇಕು. ಆ ವ್ಯತ್ಯಾಸ ಗೊತ್ತಿರೋದು ಅವರಿಗೇ.

ಫ್ಯಾಕ್ಟರೇ ಇಲ್ಲದಿದ್ದರೆ?

ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರನ್ನು ಸರ್ಕಾರದಿಂದ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ದಾವಣಗೆರೆಯಲ್ಲೇ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಆದರೂ ಸ್ಟಾಕ್ ಮುಗಿದ ದಿನ ಏನು ಮಾಡೋದು?

ಹಿಮೋಫಿಲಿಯಾ ಎ ಆದರೆ ಬ್ಲಡ್ ಬ್ಯಾಂಕ್‌ನಲ್ಲಿ ಸಿಗುವ ಕ್ರಯೋಪ್ರೆಸಿಪಿಟೇಟ್ ಅನ್ನು ಕೊಡಬಹುದು. ಡಾಕ್ಟ್ರು ಇದನ್ನೇ ‘ಕ್ರಯೋ’ ಅನ್ನೋದು. ಒಬ್ಬ ದಾನಿಯ ರಕ್ತದಿಂದ ತಯಾರಾದ ಒಂದು ಚೀಲದಲ್ಲಿ ಎಂಟನೇ ಫ್ಯಾಕ್ಟರ್ ಸುಮಾರು 70ರಿಂದ 80 ಯೂನಿಟ್ ಇರುತ್ತದೆ. ನಮ್ಮ ಹುಡುಗನ ಮೊಣಕಾಲಿಗೆ ಬೇಕಾದದ್ದು 480. ಅಂದರೆ ಆರೇಳು ಚೀಲ. ಚೀಲದಿಂದ ಚೀಲಕ್ಕೆ ಹೆಚ್ಚು ಕಡಿಮೆ ಇರೋದರಿಂದ ಇದು ಅಂದಾಜಿನ ಲೆಕ್ಕ. ಸೋಂಕು ತಗಲುವ ಅಪಾಯವೂ ಬಾಟ್ಲಿ ಔಷಧಕ್ಕಿಂತ ಹೆಚ್ಚು, ಯಾಕಂದ್ರೆ ಬಾಟ್ಲಿ ಔಷಧದಲ್ಲಿ ವೈರಸ್ ಕೊಲ್ಲುವ ಹಂತ ಇರುತ್ತದೆ, ಸಾಮಾನ್ಯ ಕ್ರಯೋದಲ್ಲಿ ಇರಲ್ಲ.

ಬಿ ಇರುವವರಿಗೆ ಕ್ರಯೋ ಪ್ರಯೋಜನ ಇಲ್ಲ, ಅದರಲ್ಲಿ ಒಂಬತ್ತನೇ ಫ್ಯಾಕ್ಟರ್ ಇರಲ್ಲ. ಅವರಿಗೆ ಪ್ಲಾಸ್ಮಾ ಕೊಡಬೇಕಾಗುತ್ತದೆ. ಆದರೆ ಪ್ಲಾಸ್ಮಾದ ಒಂದು ಎಂಎಲ್‌ನಲ್ಲಿ ಇರೋದು ಸುಮಾರು ಒಂದು ಯೂನಿಟ್ ಮಾತ್ರ. 960 ಯೂನಿಟ್ ಬೇಕು ಅಂದರೆ ಹತ್ತಿರ ಹತ್ತಿರ ಒಂದು ಲೀಟರ್. 24 ಕೆಜಿ ಮಗುವಿಗೆ ಅಷ್ಟು ಒಂದೇ ಸಲ ಏರಿಸಿದರೆ ಹೃದಯ, ಶ್ವಾಸಕೋಶಕ್ಕೆ ಭಾರ. ಹಾಗಾಗಿ ಪ್ಲಾಸ್ಮಾದಿಂದ ಮಟ್ಟವನ್ನು ಸ್ವಲ್ಪ ಏರಿಸಬಹುದೇ ಹೊರತು 40ಕ್ಕೆ ಒಯ್ಯೋದು ಕಷ್ಟ.

ಫ್ಯಾಕ್ಟರ್ ಸಿಗುವವರೆಗೆ ಕೀಲಿಗೆ ಪೂರ್ತಿ ವಿಶ್ರಾಂತಿ ಕೊಡಬೇಕು. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಆಗಾಗ ಸ್ವಲ್ಪ ಹೊತ್ತು ಇಡಬೇಕು, ಕಾಲನ್ನು ದಿಂಬಿನ ಮೇಲೆ ಎತ್ತರಿಸಬೇಕು. ಎಣ್ಣೆ ಹಚ್ಚಿ ನೀವೋದು, ಬಿಸಿ ಶಾಖ ಕೊಡೋದು ಬೇಡ, ರಕ್ತ ಇನ್ನಷ್ಟು ಸೋರುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಆಗಬಹುದು. ಆಸ್ಪಿರಿನ್ ಇರುವ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಬೇಡ. ಸೊಂಟಕ್ಕೆ, ತೋಳಿನ ಖಂಡಕ್ಕೆ ನೋವಿನ ಇಂಜೆಕ್ಷನ್ ಅಂತೂ ಬೇಡವೇ ಬೇಡ. ಸೂಜಿ ಚುಚ್ಚಿದ ಜಾಗದಲ್ಲೇ ಹೊಸ ರಕ್ತಸ್ರಾವ ಶುರುವಾಗುತ್ತದೆ.

ಜೇಬಿನ ಚೀಟಿಯಲ್ಲಿ ಏನಿರಬೇಕು?

ಇಷ್ಟು ಓದಿದ ಮೇಲೆ ಮನೆಯವರು ಮಾಡಬೇಕಾದದ್ದು ಒಂದೇ ಕೆಲಸ. ಮಗನ ಚೀಟಿ ಹೊಸದಾಗಿ ಬರೆಯೋದು. ಮುಂದಿನ ಸಲ ಡಾಕ್ಟ್ರ ಹತ್ತಿರ ಹೋದಾಗ ತೋರಿಸಿ ಸರಿಯಿದೆಯಾ ಅಂತ ಕೇಳಿ ಸಹಿ ಮಾಡಿಸಿಕೊಂಡರೆ ಇನ್ನೂ ಒಳ್ಳೇದು. ಅದರಲ್ಲಿ ಇರಬೇಕಾದದ್ದು ಇಷ್ಟು:

- ಹಿಮೋಫಿಲಿಯಾ ಎ ಅಥವಾ ಬಿ, ತೀವ್ರ, ಮಧ್ಯಮ ಅಥವಾ ಸೌಮ್ಯ, ಮಟ್ಟ ಎಷ್ಟು ಪರ್ಸೆಂಟ್
- ಈಗಿನ ತೂಕ, ತೂಕ ನೋಡಿದ ತಾರೀಕು
- ಇನ್‌ಹಿಬಿಟರ್ ಪರೀಕ್ಷೆ ಯಾವಾಗ ಮಾಡಿಸಿದ್ದು, ಏನು ಬಂತು
- ಈ ತೂಕಕ್ಕೆ ಕೀಲಿಗೆ ಎಷ್ಟು ಯೂನಿಟ್, ತಲೆಗೆ ಎಷ್ಟು ಯೂನಿಟ್
- ಕೊನೆಯ ಸಲ ಯಾವ ಔಷಧ, ಎಷ್ಟು ಯೂನಿಟ್, ಎಷ್ಟು ಗಂಟೆಗೆ
- ತಿಂಗಳಿಗೊಮ್ಮೆಯೋ ವಾರಕ್ಕೊಮ್ಮೆಯೋ ಚರ್ಮದಡಿ ಕೊಡುವ ಹೊಸ ಇಂಜೆಕ್ಷನ್ ನಡೆಯುತ್ತಿದ್ದರೆ ಅದರ ಹೆಸರು. ಅದು ಇದ್ದಾಗ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶ ತಪ್ಪು ತೋರಿಸುತ್ತದೆ, ಕೆಲವು ಔಷಧಗಳನ್ನು ಜೊತೆಗೆ ಕೊಡೋದು ಅಪಾಯ

ಇದರಲ್ಲಿ ಬೇಗ ಹಳೇದಾಗೋದು ತೂಕ. ಬೆಳೆಯುವ ಹುಡುಗನಿಗೆ ಮೂರು ತಿಂಗಳಿಗೊಮ್ಮೆ ತೂಕ ನೋಡಿ, ಹಳೇದನ್ನು ಹೊಡೆದು ಹೊಸದು ಬರೆದರೆ ಸಾಕು. ಅದಕ್ಕೆ ಆಸ್ಪತ್ರೆಗೇ ಹೋಗಬೇಕು ಅಂತಿಲ್ಲ. ಜಗಳೂರು ಕಡೆಯ ಆ ಕಿರಾಣಿ ಅಂಗಡಿಯಲ್ಲಿ ಅಕ್ಕಿ ಮೂಟೆ ತೂಗುವ ಕಾಟಾ ಇದ್ದೇ ಇರುತ್ತದೆ. ಹುಡುಗನನ್ನು ಅದರ ಮೇಲೆ ನಿಲ್ಲಿಸಿದರೆ ಆಯ್ತು. 24 ಇದ್ದವನು 28 ಆಗಿದ್ದರೆ ಮೊಣಕಾಲಿನ ಲೆಕ್ಕ 560 ಆಗುತ್ತದೆ. ಅಂದರೆ ಇನ್ಮೇಲೆ 500ರ ಒಂದು ಬಾಟ್ಲಿ ಅವನಿಗೆ ಪೂರ್ತಿ ಸಾಲಲ್ಲ ಅನ್ನೋದು ಆವತ್ತೇ ಗೊತ್ತಾಗುತ್ತದೆ.